ಚಂದಾದಾರರು ಯಾವ ತಿಂಗಳಲ್ಲಿ ಬಿಡುತ್ತಾರೆ? ಕೋಹಾರ್ಟ್ ಟೇಬಲ್ ಹೀಗೆ ಓದಿ

ಕೋಹಾರ್ಟ್ ಟೇಬಲ್‌ನಲ್ಲಿ ಒಂದು ಸಾಲು ಅಂದರೆ ಒಂದೇ ತಿಂಗಳಲ್ಲಿ ಸೇರಿದವರ ಗುಂಪು. ಎಡದಿಂದ ಬಲಕ್ಕೆ ಹೋದಂತೆ ಅವರಲ್ಲಿ ಎಷ್ಟು ಜನ ಉಳಿದರು ಅಂತ ಕಾಣುತ್ತದೆ.

ಉದಾಹರಣೆಗೆ, ಜನವರಿಯಲ್ಲಿ 200 ಜನ ಸೇರಿದರು ಅನ್ನಿ. 1ನೇ ತಿಂಗಳಿಗೆ 150, 2ಕ್ಕೆ 140, 3ಕ್ಕೆ 91 ಜನ ಉಳಿದರು. ಮೊದಲು ಹೋದವರು 50, ಕೊನೆಗೆ ಹೋದವರು 49. ಎರಡೂ ಒಂದೇ ಅನಿಸುತ್ತದೆ, ಅಲ್ವಾ? ಆದರೆ ಪ್ರತಿ ತಿಂಗಳು ಹೋದವರ ಸಂಖ್ಯೆಯನ್ನು ಅದರ ಹಿಂದಿನ ತಿಂಗಳು ಇದ್ದವರ ಸಂಖ್ಯೆಯಿಂದ ಭಾಗಿಸಿ ನೋಡಿ. ಮೊದಲ ತಿಂಗಳಲ್ಲಿ ಹೋದವರು ಶೇ. 25, ಮೂರನೆಯದರಲ್ಲಿ ಶೇ. 35! ನಿಜವಾದ ಪೆಟ್ಟು ಬಿದ್ದಿರುವುದು ಅಲ್ಲಿ. ಟೂಲ್‌ಗಳು ಸಾಮಾನ್ಯವಾಗಿ ಎಲ್ಲವನ್ನೂ ಮೊದಲ 200ಕ್ಕೇ ಹೋಲಿಸಿ ತೋರಿಸುವುದರಿಂದ ಇದು ಕಣ್ಣು ತಪ್ಪುತ್ತದೆ.

ಈಗ ಫೆಬ್ರವರಿ, ಮಾರ್ಚ್ ಸಾಲುಗಳನ್ನೂ ನೋಡಿ. ಎಲ್ಲದರಲ್ಲೂ 3ನೇ ತಿಂಗಳೇ ಕುಸಿದಿದ್ದರೆ, ಮೂರು ತಿಂಗಳ ರಿಯಾಯಿತಿ ಆಗ ಮುಗಿಯುತ್ತದಾ ಅಂತ ಮೊದಲು ಪರೀಕ್ಷಿಸಿ. ಬದಲಿಗೆ ಜನವರಿ ಗುಂಪಿಗೆ 3ರಲ್ಲಿ, ಫೆಬ್ರವರಿಗೆ 2ರಲ್ಲಿ, ಮಾರ್ಚ್‌ಗೆ 1ರಲ್ಲಿ ಕುಸಿತ ಓರೆಯಾಗಿ ಇಳಿದಿದ್ದರೆ, ಮೂರೂ ಬಂದು ನಿಲ್ಲುವುದು ಏಪ್ರಿಲ್‌ಗೆ. ಆ ತಿಂಗಳು ಬೆಲೆ ಏರಿಸಿದ್ರಾ, ಪೇಮೆಂಟ್ ಕೈಕೊಟ್ಟಿತ್ತಾ ನೋಡಿ. ಕಾರ್ಡ್ ಅವಧಿ ಮುಗಿದು ಹಣ ಕಟ್ ಆಗದೇ ಹೋದವರೂ ಇದರಲ್ಲಿ ಸೇರಿರಬಹುದು. ಅವರು ಬೇಡ ಅಂತ ಬಿಟ್ಟವರಲ್ಲ, ಹಾಗಾಗಿ ಬೇರೆಯಾಗಿ ಎಣಿಸಿ.

ಪ್ರತಿ ಸಾಲಿನ ಕೊನೆಯ ಚೌಕವನ್ನು ಸದ್ಯಕ್ಕೆ ನಂಬಬೇಡಿ. ಆ ತಿಂಗಳು ಇನ್ನೂ ಮುಗಿದಿರುವುದಿಲ್ಲ. ಇಪ್ಪತ್ತು ಮೂವತ್ತು ಜನರ ಗುಂಪಾದರೆ ಇಬ್ಬರು ಹೋದರೂ ಶೇಕಡಾವಾರು ಜಾಸ್ತಿ ಕುಣಿಯುತ್ತದೆ, ಎರಡು ಮೂರು ತಿಂಗಳ ಗುಂಪುಗಳನ್ನು ಸೇರಿಸಿ ಓದಿ.