ನಿಫ್ಟಿ 25,000 ದಾಟಿದರೆ ನೂರು ರೂಪಾಯಿ: ಡಿಜಿಟಲ್ ಆಪ್ಷನ್ನಿಗೆ ನಾನು ಬೆಲೆ ಕಟ್ಟುವ ಬಗೆ

ಸೂಚ್ಯಂಕಕ್ಕೆ ಜೋಡಿಸಿದ ಡಿಬೆಂಚರುಗಳಿಗೆ ಬೆಲೆ ಕಟ್ಟುವುದು ಮುಂಬೈಯಲ್ಲಿ ನನ್ನ ಉದ್ಯೋಗ. ಇಂಥ ಡಿಬೆಂಚರುಗಳಲ್ಲಿ ಹಲವು ಒಂದು ಡಿಜಿಟಲ್ ಆಪ್ಷನ್ನನ್ನು ಒಳಗಿಟ್ಟುಕೊಂಡಿರುತ್ತವೆ: ಅವಧಿ ಮುಗಿಯುವ ದಿನ ನಿಫ್ಟಿ ಒಂದು ಗೊತ್ತಾದ ಮಟ್ಟದ ಮೇಲಿದ್ದರೆ ಹೂಡಿಕೆದಾರರಿಗೆ ಹೇಳಿದಷ್ಟು ಬಡ್ಡಿ ಪೂರ್ತಿಯಾಗಿ ಸಿಗುತ್ತದೆ, ಒಂದು ಪಾಯಿಂಟ್ ಕೆಳಗಿದ್ದರೂ ಆ ಬಡ್ಡಿಯಲ್ಲಿ ಏನೂ ಸಿಗುವುದಿಲ್ಲ. ನಮ್ಮ ಷೇರು ವಿನಿಮಯ ಕೇಂದ್ರಗಳಲ್ಲಿ ಡಿಜಿಟಲ್ ಆಪ್ಷನ್ ಎಂಬ ಕರಾರು ವಹಿವಾಟಾಗುವುದಿಲ್ಲ; ಆದ್ದರಿಂದ ಅದರ ಬೆಲೆಯನ್ನು ಪರದೆಯ ಮೇಲೆ ನೋಡಿ ತಿಳಿಯುವಂತಿಲ್ಲ. ಆದರೆ ಸಾಮಾನ್ಯ ಕಾಲ್ ಆಪ್ಷನ್‌ಗಳು, ಅಂದರೆ ಸ್ಟ್ರೈಕ್ ಎಂಬ ಗೊತ್ತಾದ ಮಟ್ಟಕ್ಕಿಂತ ನಿಫ್ಟಿ ಎಷ್ಟು ಪಾಯಿಂಟ್ ಮೇಲೆ ಮುಗಿಯುತ್ತದೋ ಅಷ್ಟು ರೂಪಾಯಿ ಕೊಡುವ ಕರಾರುಗಳು, ದಿನವಿಡೀ ವಹಿವಾಟಾಗುತ್ತವೆ, ಮತ್ತು ಡಿಜಿಟಲ್‌ನ ಬೆಲೆ ಆ ಕಾಲ್‌ಗಳ ಬೆಲೆಯೊಳಗೇ ಇದೆ. ಅದನ್ನು ಹೊರತೆಗೆಯುವ ಕ್ರಮವನ್ನೂ, ಅದೇ ಅಳತೆಗೋಲನ್ನು ಮೊಬೈಲಿನ ಬೈನರಿ ಆಪ್ಷನ್ ಆ್ಯಪ್‌ಗಳಿಗೆ ಹಿಡಿದಾಗ ಕಾಣುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಎಕ್ಸ್‌ಪೈರಿಗೆ 30 ದಿನ ಉಳಿದಿದೆ, ಅದೇ ತಿಂಗಳ ನಿಫ್ಟಿ ಫ್ಯೂಚರ್ಸ್ 25,000ದಲ್ಲಿದೆ, ಬಡ್ಡಿ ದರ ವರ್ಷಕ್ಕೆ 6.5% ಎಂದಿಟ್ಟುಕೊಳ್ಳೋಣ. ನಾನು ಮಾರಬೇಕಾಗಿರುವ ಡಿಜಿಟಲ್ ಇದು: ನಿಫ್ಟಿ 25,000ದ ಮೇಲೆ ಮುಗಿದರೆ ₹100, ಇಲ್ಲವಾದರೆ ಸೊನ್ನೆ. ಈಗ 24,950ರ ಕಾಲ್ ಒಂದನ್ನು ಕೊಂಡು, 25,050ರ ಕಾಲ್ ಒಂದನ್ನು ಮಾರಿದರೆ ಏನಾಗುತ್ತದೆ ನೋಡಿ. ನಿಫ್ಟಿ 24,950ರ ಕೆಳಗೆ ಮುಗಿದರೆ ಎರಡೂ ಕಾಲ್‌ಗಳು ಬೆಲೆಯಿಲ್ಲದಂತಾಗುತ್ತವೆ. 25,050ರ ಮೇಲೆ ಎಲ್ಲಿ ಮುಗಿದರೂ ಎರಡರ ವ್ಯತ್ಯಾಸ ಸರಿಯಾಗಿ ₹100. ನಡುವಿನ ನೂರು ಪಾಯಿಂಟ್‌ಗಳಲ್ಲಿ ಮಾತ್ರ ಅದು ಇಳಿಜಾರಿನಂತೆ ಸೊನ್ನೆಯಿಂದ ನೂರಕ್ಕೆ ಏರುತ್ತದೆ. ಡಿಜಿಟಲ್ ಎಂದರೆ ಈ ಇಳಿಜಾರು ನೆಟ್ಟನೆಯ ಗೋಡೆಯಾಗಿರುವುದು, ಅಷ್ಟೇ. ಸ್ಟ್ರೈಕ್‌ಗಳನ್ನು ಹತ್ತಿರ ತಂದಷ್ಟೂ, ಅದಕ್ಕೆ ತಕ್ಕಂತೆ ಇಂಥ ಕೊಂಡು-ಮಾರಿದ ಜೋಡಿಗಳ, ಅಂದರೆ ಸ್ಪ್ರೆಡ್‌ಗಳ, ಸಂಖ್ಯೆಯನ್ನು ಹೆಚ್ಚಿಸಿದಷ್ಟೂ, ಇಳಿಜಾರು ಗೋಡೆಯನ್ನು ಸಮೀಪಿಸುತ್ತದೆ. ಒಂದು ರೂಪಾಯಿ ಕೊಡುವ ಡಿಜಿಟಲ್‌ನ ಬೆಲೆ, ಕಾಲ್‌ನ ಬೆಲೆ C, ಸ್ಟ್ರೈಕ್ K, ಅಂತರ w ಆಗಿರುವಾಗ, ಹೀಗೆ:

```
D ≈ [ C(K − w/2) − C(K + w/2) ] / w
```

ಹಾಗಾದರೆ ಪುಸ್ತಕದ ಸೂತ್ರವನ್ನೇ ಏಕೆ ಬಳಸಬಾರದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಬ್ಲ್ಯಾಕ್-ಶೋಲ್ಸ್ ಪ್ರಕಾರ ಡಿಜಿಟಲ್ ಕಾಲ್‌ನ ಬೆಲೆ ಆ ಸೂತ್ರದಲ್ಲಿ ನಿಫ್ಟಿ ಸ್ಟ್ರೈಕಿನ ಮೇಲೆ ಮುಗಿಯುವ ಸಾಧ್ಯತೆಯಾದ N(d2) ಅನ್ನು ಇಂದಿನ ಮೌಲ್ಯಕ್ಕೆ ಇಳಿಸಿದರೆ ಸಿಗುತ್ತದೆ. 25,000ದ ಸ್ಟ್ರೈಕಿನಲ್ಲಿ ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಆಪ್ಷನ್ ಬೆಲೆಯೊಳಗೆ ಅಡಗಿರುವ ವಾರ್ಷಿಕ ಏರಿಳಿತದ ಅಂದಾಜು, 12% ಎಂದು ಹಿಡಿದು ಲೆಕ್ಕ ಹಾಕಿದರೆ ನಮ್ಮ ₹100ರ ಡಿಜಿಟಲ್‌ಗೆ ಸುಮಾರು ₹49 ಬರುತ್ತದೆ. ಆದರೆ ಈ ಲೆಕ್ಕ ಎಲ್ಲ ಸ್ಟ್ರೈಕ್‌ಗಳಿಗೂ ಒಂದೇ ವೊಲಾಟಿಲಿಟಿ ಎಂದು ಭಾವಿಸುತ್ತದೆ, ಮಾರುಕಟ್ಟೆ ಹಾಗಿರುವುದಿಲ್ಲ. ಬೀಳುವ ಭಯದಿಂದಾಗಿ ನಿಫ್ಟಿಯಲ್ಲಿ ಕೆಳಗಿನ ಸ್ಟ್ರೈಕ್‌ಗಳ ವೊಲಾಟಿಲಿಟಿ ಸಾಮಾನ್ಯವಾಗಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ; ಇದನ್ನೇ ನಾವು ಸ್ಕ್ಯೂ ಎನ್ನುವುದು. 500 ಪಾಯಿಂಟ್ ಮೇಲಕ್ಕೆ ಹೋದರೆ ವೊಲಾಟಿಲಿಟಿ ಒಂದು ಶೇಕಡಾಂಶ ಇಳಿಯುತ್ತದೆ ಎಂದುಕೊಂಡರೆ, 24,950ರ ಕಾಲ್‌ಗೆ 12.1%, 25,050ರ ಕಾಲ್‌ಗೆ 11.9%. ಆಗ ಮೊದಲನೆಯದರ ಬೆಲೆ ಸುಮಾರು ₹369.2, ಎರಡನೆಯದರ ಬೆಲೆ ₹314.5, ವ್ಯತ್ಯಾಸ ₹54.7.

ನಲವತ್ತೊಂಬತ್ತಲ್ಲ, ಐವತ್ತೈದರ ಹತ್ತಿರ. ವೊಲಾಟಿಲಿಟಿಯಲ್ಲಿ ಕಾಲು ಶೇಕಡಾಂಶಕ್ಕಿಂತಲೂ ಕಡಿಮೆ ವ್ಯತ್ಯಾಸ ಡಿಜಿಟಲ್‌ನ ಬೆಲೆಯನ್ನು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸರಿಸಿಬಿಟ್ಟಿತು. ಕಾಲ್ ಸ್ಪ್ರೆಡ್‌ನಿಂದ ಬೆಲೆ ಕಟ್ಟುವುದರ ದೊಡ್ಡ ಪ್ರಯೋಜನ ಇದೇ ಎಂದು ನಾನು ತಿಳಿಯುತ್ತೇನೆ: ಎರಡು ಸ್ಟ್ರೈಕ್‌ಗಳಿಗೂ ಅವುಗಳದ್ದೇ ಮಾರುಕಟ್ಟೆ ಬೆಲೆಯನ್ನು ಹಾಕಿದ ಕೂಡಲೇ ಸ್ಕ್ಯೂ ತಾನಾಗಿ ಲೆಕ್ಕಕ್ಕೆ ಬಂದುಬಿಡುತ್ತದೆ. ₹49ಕ್ಕೆ ಮಾರಿದವನು ಪ್ರತಿ ಡಿಜಿಟಲ್ ಮೇಲೂ ಸುಮಾರು ಆರು ರೂಪಾಯಿಯನ್ನು ಮೊದಲ ದಿನವೇ ಬಿಟ್ಟುಕೊಟ್ಟಿರುತ್ತಾನೆ.

ಆದರೆ ಮಾರುವವನಾಗಿ ನಾನು ಈ ಸ್ಪ್ರೆಡ್ಡನ್ನು ಹೀಗೆಯೇ ಇಟ್ಟುಕೊಳ್ಳುವುದಿಲ್ಲ. ನಿಫ್ಟಿ 25,020ರಲ್ಲಿ ಮುಗಿದರೆ ನಾನು ₹100 ಕೊಡಬೇಕು, ನನ್ನ ಸ್ಪ್ರೆಡ್ ಮಾತ್ರ ₹70 ತರುತ್ತದೆ. ಹಾಗಾಗಿ ಸ್ಪ್ರೆಡ್ಡನ್ನು ಐವತ್ತು ಪಾಯಿಂಟ್ ಕೆಳಕ್ಕೆ ಜರುಗಿಸಿ, 24,900ರ ಕಾಲ್ ಕೊಂಡು 25,000ದ ಕಾಲ್ ಮಾರುತ್ತೇನೆ. ಈಗ ನಿಫ್ಟಿ ಎಲ್ಲಿ ಮುಗಿದರೂ ನನ್ನ ಕೈಗೆ ಬರುವುದು ನಾನು ಕೊಡಬೇಕಾದುದಕ್ಕಿಂತ ಕಡಿಮೆಯಾಗುವುದಿಲ್ಲ. ಇದೇ ಸ್ಕ್ಯೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಇದರ ಬೆಲೆ ಸುಮಾರು ₹57. ಮಾರಾಟದ ಬೆಲೆಯನ್ನು ನಾನು ಇಲ್ಲಿಂದ ಶುರು ಮಾಡುತ್ತೇನೆ, ₹54.7ಕ್ಕೂ ₹57ಕ್ಕೂ ನಡುವಿನ ಅಂತರ ನನ್ನ ಸುರಕ್ಷತೆಯ ಬೆಲೆ.

ಅಂತರವನ್ನು ಇನ್ನೂ ಕಿರಿದು ಮಾಡಿ ಆ ವೆಚ್ಚವನ್ನು ಉಳಿಸಬಾರದೇ ಎಂದರೆ, ಅದಕ್ಕೆ ಎರಡು ಅಡ್ಡಿಗಳಿವೆ. ನಿಫ್ಟಿಯ ಸ್ಟ್ರೈಕ್‌ಗಳು 50 ಪಾಯಿಂಟ್‌ಗೊಂದರಂತೆ ಇರುತ್ತವೆ, ಅದಕ್ಕಿಂತ ಹತ್ತಿರಕ್ಕೆ ಹೋಗಲು ಆಗುವುದಿಲ್ಲ. ಹೋಗಲು ಸಾಧ್ಯವಿದ್ದರೂ ವೆಚ್ಚ ಏರುತ್ತದೆ: ನೂರು ಪಾಯಿಂಟ್ ಅಂತರಕ್ಕೆ ಒಂದು ಸ್ಪ್ರೆಡ್ ಸಾಕು, ಹತ್ತು ಪಾಯಿಂಟ್ ಅಂತರಕ್ಕೆ ಹತ್ತು ಬೇಕು. ಪ್ರತಿ ಕಾಲ್ ಮೇಲೆ ಕೊಳ್ಳುವ-ಮಾರುವ ದರಗಳ ವ್ಯತ್ಯಾಸದಿಂದ ಐವತ್ತು ಪೈಸೆ ಹೋಗುತ್ತದೆಂದರೆ, ಮೊದಲನೆಯದಕ್ಕೆ ಒಂದು ರೂಪಾಯಿ, ಎರಡನೆಯದಕ್ಕೆ ಹತ್ತು ರೂಪಾಯಿ.

ಅಂತರವನ್ನು ಅಗಲವಾಗಿಯೇ ಇಡಲು ಇನ್ನೊಂದು ಕಾರಣ ಕೊನೆಯ ಗಂಟೆಯಲ್ಲಿ ಗೊತ್ತಾಗುತ್ತದೆ. ಕೊನೆಯ ಕ್ಷಣದ ಬೆಲೆಯ ಮೇಲೆ ತೀರ್ಮಾನವಾಗುವ ಡಿಜಿಟಲ್ ಎಂದುಕೊಳ್ಳಿ, ನಿಫ್ಟಿ ಸರಿಯಾಗಿ ಸ್ಟ್ರೈಕ್ ಮೇಲೇ ನಿಂತಿದೆ. 12% ವೊಲಾಟಿಲಿಟಿಯಲ್ಲಿ, ಮುಗಿಯಲು ಒಂದು ಗಂಟೆ ಇರುವಾಗ ನಮ್ಮ ₹100ರ ಡಿಜಿಟಲ್‌ನ ಡೆಲ್ಟಾ, ಅಂದರೆ ನಿಫ್ಟಿ ಒಂದು ಪಾಯಿಂಟ್ ಸರಿದರೆ ಅದರ ಬೆಲೆ ಎಷ್ಟು ರೂಪಾಯಿ ಸರಿಯುತ್ತದೆ ಎಂಬುದು, ಸುಮಾರು 0.5, ಒಂದು ನಿಮಿಷ ಇರುವಾಗ 4, ಒಂದು ಸೆಕೆಂಡ್ ಇರುವಾಗ 30ಕ್ಕೂ ಹೆಚ್ಚು. ಆ ಏರಿಳಿತದಿಂದ ಕಾಪಾಡಿಕೊಳ್ಳಲು ಬೇಕಾಗುವ ಅಷ್ಟು ಹೆಡ್ಜನ್ನು ಆ ವೇಗದಲ್ಲಿ ಕೊಳ್ಳಲು, ಮತ್ತೆ ಮಾರಲು ಯಾರಿಂದಲೂ ಆಗದು. ಕಾಲ್ ಸ್ಪ್ರೆಡ್‌ನ ಡೆಲ್ಟಾ ಎಂದೂ 1 ಅನ್ನು ಮೀರುವುದಿಲ್ಲ. ಆದ್ದರಿಂದಲೇ ನಾನು ನನ್ನ ಲೆಕ್ಕದ ಪುಸ್ತಕದಲ್ಲಿ ಡಿಜಿಟಲ್ಲನ್ನು ಡಿಜಿಟಲ್ ಎಂದು ಬರೆಯದೆ ಸ್ಪ್ರೆಡ್ ಎಂದೇ ಬರೆದಿಡುತ್ತೇನೆ. ಎನ್‌ಎಸ್‌ಇಯಲ್ಲಿ ಎಕ್ಸ್‌ಪೈರಿಯ ತೀರ್ಮಾನದ ಬೆಲೆಯು ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಬರುತ್ತದೆ ಎಂಬುದೂ ಈ ಹೊಯ್ದಾಟವನ್ನು ಬಹಳ ತಗ್ಗಿಸುತ್ತದೆ.

ಈಗ ಮೊಬೈಲಿನ ಆ್ಯಪ್‌ಗಳ ವಿಷಯ. ದಾವಣಗೆರೆಯ ನನ್ನ ಸಂಬಂಧಿಕರ ಮಗ ಅಂಥದೊಂದರ ಪರದೆಯನ್ನು ನನಗೆ ತೋರಿಸಿ, ‘ಮಾಮಾ, ಇದೂ ನೀವು ಮಾಡುವ ಲೆಕ್ಕವೇ ಅಲ್ಲವೇ?’ ಎಂದು ಕೇಳಿದ್ದ. ಪರದೆಯ ಮೇಲೆ ಎರಡು ಗುಂಡಿಗಳಿದ್ದವು, ಮೇಲಕ್ಕೆ ಮತ್ತು ಕೆಳಕ್ಕೆ. ಅವಧಿ ಒಂದು ನಿಮಿಷ. ಗೆದ್ದರೆ 80% ಲಾಭ, ಸೋತರೆ ಹಾಕಿದ ಹಣವೆಲ್ಲ ಹೋಯಿತು. ರೂಪದಲ್ಲಿ ಇದು ಡಿಜಿಟಲ್ ಆಪ್ಷನ್ನೇ. ಹಾಗಾಗಿ ಅದರ ಬೆಲೆಯನ್ನು ಕೇಳಬಹುದು. ₹100 ಹಾಕಿ ಗೆದ್ದರೆ ₹180 ವಾಪಸು ಎಂದರೆ, ಒಂದು ರೂಪಾಯಿ ಕೊಡುವ ಡಿಜಿಟಲ್ಲನ್ನು 55.6 ಪೈಸೆಗೆ ಮಾರುತ್ತಿದ್ದಾರೆ. ಒಂದು ನಿಮಿಷದಲ್ಲಿ ಬಡ್ಡಿಯೂ ಇಲ್ಲ, ಸ್ಕ್ಯೂನ ಪ್ರಭಾವವೂ ಇಲ್ಲವೆನ್ನಬಹುದು. ಅದರ ನ್ಯಾಯವಾದ ಬೆಲೆ 50 ಪೈಸೆ. ಪ್ರತಿ ₹100ಕ್ಕೆ ಸರಾಸರಿ ₹10 ನಷ್ಟ, ಅದೂ ಪ್ರತಿ ನಿಮಿಷಕ್ಕೊಮ್ಮೆ.

ಮೇಲಿನ ಸ್ಕ್ಯೂನಿಂದಾಗಿಯೂ ಬೆಲೆ 55ರ ಹತ್ತಿರ ಬಂದಿತ್ತಲ್ಲ ಎಂಬ ಸಂದೇಹ ಬರಬಹುದು. ಅದನ್ನು ನಿವಾರಿಸುವ ಪರೀಕ್ಷೆಯೊಂದಿದೆ, ಅದಕ್ಕೆ ಯಾವ ಸೂತ್ರವೂ ಬೇಡ. ಮೇಲಕ್ಕೆ, ಕೆಳಕ್ಕೆ ಎರಡನ್ನೂ ಒಟ್ಟಿಗೆ ಕೊಂಡುಕೊಳ್ಳುವವರ ಲೆಕ್ಕ ನೋಡಿ. ನನ್ನ ಉದಾಹರಣೆಯಲ್ಲಿ ಮೇಲಿನ ಡಿಜಿಟಲ್ ₹54.7 ಆದರೆ ಕೆಳಗಿನದು ₹44.8, ಕೂಡಿದರೆ ₹99.5, ಅಂದರೆ ತಿಂಗಳ ನಂತರ ಖಚಿತವಾಗಿ ಸಿಗುವ ₹100ರ ಇಂದಿನ ಬೆಲೆ. ಆ್ಯಪ್‌ನಲ್ಲಿ ಎರಡನ್ನೂ ಕೊಳ್ಳಲು ₹200 ಹಾಕಿದರೆ, ಯಾವುದು ಗೆದ್ದರೂ ಬರುವುದು ₹180.

ಬೆಲೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ತೀರ್ಮಾನದ ರೀತಿ. ಇಂಥ ವೇದಿಕೆಗಳಲ್ಲಿ ಸಾಮಾನ್ಯವಾಗಿ ನಿಮ್ಮ ಎದುರು ನಿಂತಿರುವುದು ವೇದಿಕೆಯೇ; ನಿಮ್ಮ ನಷ್ಟ ಅದರ ಲಾಭ. ಯಾವ ಬೆಲೆಗೆ ಕರಾರು ಮುಗಿಯಿತು ಎಂದು ಹೇಳುವುದೂ ಅದೇ. ನಿಫ್ಟಿಯಷ್ಟೇ ಏರಿಳಿತವಿರುವ ಸೂಚ್ಯಂಕವೊಂದು ಒಂದು ನಿಮಿಷದಲ್ಲಿ ಸಾಮಾನ್ಯವಾಗಿ ಹತ್ತು ಪಾಯಿಂಟ್‌ನಷ್ಟು ಸರಿಯುತ್ತದೆ. ಕೊನೆಯ ಬೆಲೆಯನ್ನು ನಿಮಗೆ ವಿರುದ್ಧವಾಗಿ ಬರೀ 2 ಪಾಯಿಂಟ್ ವಾಲಿಸಿದರೆ, 25,000ದಲ್ಲಿ 2 ಯಾರ ಕಣ್ಣಿಗೂ ಬೀಳುವುದಿಲ್ಲ, ಗೆಲ್ಲುವ ಸಾಧ್ಯತೆ ಮಾತ್ರ 50%ದಿಂದ 42%ಕ್ಕೆ ಇಳಿಯುತ್ತದೆ. ಆಗ ಪ್ರತಿ ₹100ರ ಮೇಲಿನ ಸರಾಸರಿ ನಷ್ಟ ₹10 ಅಲ್ಲ, ₹24. ನನ್ನನ್ನು ಕಾಡುವ ಕೊನೆಯ ಸೆಕೆಂಡಿನ ಅದೇ ಡೆಲ್ಟಾ ಇಲ್ಲಿ ಬೆಲೆಯನ್ನು ಹೇಳುವವನ ಕೈಯಲ್ಲಿದೆ. ವೇದಿಕೆಗಳೆಲ್ಲ ಹೀಗೆ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಮಾಡಿದರೆ ಗ್ರಾಹಕನಿಗೆ ತಿಳಿಯುವ ದಾರಿಯಿಲ್ಲ ಎನ್ನುತ್ತಿದ್ದೇನೆ. ಆದರೂ ಸಾಫ್ಟ್‌ವೇರಿನಲ್ಲಿ ಬೆಲೆ ತಿರುಚುವುದು, ಹಣ ವಾಪಸು ಕೊಡದಿರುವುದು ಅಮೆರಿಕದ ನಿಯಂತ್ರಕರು ಬೈನರಿ ಆಪ್ಷನ್ ಕುರಿತು ಸಾರ್ವಜನಿಕರಿಗೆ ಕೊಟ್ಟ ಎಚ್ಚರಿಕೆಯಲ್ಲೇ ಇವೆ.

ಹೀಗಾಗಿಯೇ ಇಸ್ರೇಲ್ 2017ರಲ್ಲಿ ಇವನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ನಿಯಂತ್ರಕರು 2018ರ ಜುಲೈಯಿಂದ, ಬ್ರಿಟನ್ 2019ರ ಏಪ್ರಿಲ್‌ನಿಂದ, ಆಸ್ಟ್ರೇಲಿಯಾ 2021ರ ಮೇ ತಿಂಗಳಿಂದ ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ತಡೆದವು. ಬೈನರಿ ಆಪ್ಷನ್ ಕೊಂಡ ಗ್ರಾಹಕರಲ್ಲಿ ಸುಮಾರು 80% ಮಂದಿ ಹಣ ಕಳೆದುಕೊಂಡಿದ್ದಾರೆ ಎಂಬುದು ಆಸ್ಟ್ರೇಲಿಯಾದ ನಿಯಂತ್ರಕರು ಕಂಡುಕೊಂಡ ಸಂಗತಿ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2022ರಿಂದ ಅನುಮತಿಯಿಲ್ಲದ ವಿದೇಶಿ ವಿನಿಮಯ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ಪ್ರಕಟಿಸುತ್ತಿದೆ. ಅಂಥ ವೇದಿಕೆಗೆ ಹಣ ಕಳಿಸಿದವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ತಾವೇ ತೊಂದರೆಗೆ ಸಿಲುಕಬಹುದು, ಹಣ ಸಿಕ್ಕಿಹಾಕಿಕೊಂಡರೆ ಸೆಬಿಯ ದೂರು ವ್ಯವಸ್ಥೆಯೂ ನೆರವಿಗೆ ಬರುವುದಿಲ್ಲ.

ಆ ಹುಡುಗನಿಗೆ ನಾನು ತೋರಿಸಿದ್ದು ಎನ್‌ಎಸ್‌ಇಯ ಆಪ್ಷನ್ ಪಟ್ಟಿಯನ್ನು. ನಿಫ್ಟಿ ಏರುತ್ತದೆ ಎಂಬ ಅಭಿಪ್ರಾಯ ನಿಜಕ್ಕೂ ಇದ್ದವರಿಗೆ 24,950–25,050ರ ಸ್ಪ್ರೆಡ್ ಹೆಚ್ಚು ಕಡಿಮೆ ಅದೇ ಪಂದ್ಯ: ಕಳೆದುಕೊಳ್ಳಬಹುದಾದುದು ಹೆಚ್ಚೆಂದರೆ ₹54.7, ಗಳಿಸಬಹುದಾದುದು ₹45.3, ಇವೆರಡರ ಮೇಲೂ ದಲ್ಲಾಳಿ ಶುಲ್ಕ ಮತ್ತು ತೆರಿಗೆಗಳಿವೆ, ಲಾಟ್ ಗಾತ್ರದಿಂದ ಗುಣಿಸಿಕೊಳ್ಳಬೇಕು. ನಡುವೆ ಬೇಡವೆನಿಸಿದರೆ ಮಾರಿ ಹೊರಬರಬಹುದು, ತೀರ್ಮಾನದ ಬೆಲೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಇದರಿಂದ ಲಾಭ ಬರುತ್ತದೆ ಎಂದು ಮಾತ್ರ ನಾನು ಅವನಿಗೆ ಹೇಳಲಿಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ 93% ಮಂದಿ ನಷ್ಟ ಅನುಭವಿಸಿದರೆಂಬ ಸೆಬಿಯ ಅಧ್ಯಯನವನ್ನು ಓದಲು ಕೊಟ್ಟೆ.