ಹಿಮದ ಬೂಟು: ಇಲ್ಲಿಂದ ಹೊತ್ತೊಯ್ಯಬೇಡಿ, ಟೊರಾಂಟೊದಲ್ಲಿ ಕಾಲಿಟ್ಟು ನೋಡಿ ಕೊಳ್ಳಿ

ಸೆಪ್ಟೆಂಬರಿನ ತರಗತಿಗೆಂದು ಟೊರಾಂಟೊಗೆ ಹೊರಟವರ ಸೂಟ್‌ಕೇಸಿನಲ್ಲಿ ಎಷ್ಟೋ ಸಲ ಬೆಂಗಳೂರಿನಲ್ಲೇ ಕೊಂಡ ಟ್ರೆಕ್ಕಿಂಗ್ ಬೂಟು ಇರುತ್ತದೆ. ಕುಮಾರಪರ್ವತದ ಕಲ್ಲುಮಣ್ಣಿಗೆ ಅದು ಸರಿ. ಮಂಜುಗಡ್ಡೆ ಕಟ್ಟಿದ ಫುಟ್‌ಪಾತಿನ ಮೇಲೆ ಅದರ ಗಟ್ಟಿ ಸೋಲ್ ಹಿಡಿತ ಕೊಡುವುದಿಲ್ಲ. ಆ ಎರಡು ಕಿಲೋ ತೂಕವನ್ನು ಬೇರೆಯದಕ್ಕೆ ಬಳಸಿ. ಬೂಟನ್ನು ಅಲ್ಲೇ, ಅಕ್ಟೋಬರ್ ಮುಗಿಯುವುದರೊಳಗೆ ಕೊಳ್ಳಿ. ಮೊದಲ ಹಿಮ ಬಿದ್ದ ಮೇಲೆ ಹೋದರೆ ನಿಮ್ಮ ಅಳತೆಯದು ಸಿಗುವುದು ಕಷ್ಟ.

ಸೋಲ್. ಆಳವಾದ ಗೀರುಗಳನ್ನು ನೋಡಿ ಮೋಸಹೋಗಬೇಡಿ. ಗೀರುಗಳು ಕಚ್ಚುವುದು ಮೆತ್ತನೆಯ ಹಿಮವನ್ನು. ನುಣುಪಾದ ಮಂಜುಗಡ್ಡೆಯಲ್ಲಿ ಅವಕ್ಕೆ ಕಚ್ಚಲು ಏನೂ ಇರುವುದಿಲ್ಲ, ಅಲ್ಲಿ ಬೇಕಾದದ್ದು ಚಳಿಯಲ್ಲೂ ಮೆದುವಾಗಿರುವ ರಬ್ಬರು. ಸೋಲನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ: ಅಂಗಡಿಯ ಬೆಚ್ಚಗಿನ ಒಳಗೂ ತಗ್ಗದಿದ್ದರೆ ಹೊರಗೆ ಅದು ಪ್ಲಾಸ್ಟಿಕ್ಕಿನಂತಾಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ನಿಂತಿರುತ್ತದೆ. ಮೈನಸ್ ಇಪ್ಪತ್ತಕ್ಕಿಂತ ಹೆಚ್ಚು ಜಾರುವುದು ಆ ದಿನಗಳಲ್ಲೇ.

ಟೊರಾಂಟೊದ ಕೈಟ್ ಸಂಶೋಧನಾ ಸಂಸ್ಥೆಯವರು ಇದನ್ನೇ ಅಳೆಯುತ್ತಾರೆ. ಮಂಜುಗಡ್ಡೆಯ ನೆಲವನ್ನು ಸ್ವಲ್ಪಸ್ವಲ್ಪವೇ ಓರೆ ಮಾಡುತ್ತ, ಬೂಟು ತೊಟ್ಟವರನ್ನು ಅದರ ಮೇಲೆ ಹತ್ತಿಸಿ ಇಳಿಸುತ್ತಾರೆ. 7 ಡಿಗ್ರಿ ಓರೆಯಲ್ಲಿ ಜಾರದಿದ್ದರೆ ಒಂದು ಹಿಮಹರಳಿನ ಗುರುತು, 11ಕ್ಕೆ ಎರಡು, 15ಕ್ಕೆ ಮೂರು. 2016ರಲ್ಲಿ ಪ್ರಕಟಿಸಿದ ಮೊದಲ ಪಟ್ಟಿಯಲ್ಲಿ 98 ಬೂಟುಗಳ ಪೈಕಿ ಒಂದು ಹರಳನ್ನಾದರೂ ಪಡೆದವು 9 ಮಾತ್ರ. ಅಂಗಡಿಗೆ ಹೋಗುವ ಮೊದಲು ಅವರ ತಾಣ ratemytreads.com ನೋಡಿಕೊಳ್ಳಿ. ಬೂಟಿನ ಕೆಳಗೆ ಸಿಕ್ಕಿಸುವ ಮೊಳೆಪಟ್ಟಿಯೂ ಒಳ್ಳೆಯದೇ, ಆದರೆ ಕಾಲೇಜಿನ ಬಾಗಿಲಲ್ಲೇ ಬಿಚ್ಚಬೇಕು. ಟೈಲ್ಸ್ ನೆಲದ ಮೇಲೆ ಅದೇ ಬೀಳಿಸುತ್ತದೆ.

ಬೆಚ್ಚಗಿನ ಒಳಪದರ. ಲೇಬಲ್ಲಿನ 200, 400 ಗ್ರಾಂ ಎಂಬುದು ಒಂದು ಚದರ ಮೀಟರ್ ಪದರದ ತೂಕ, ಬೂಟಿನದಲ್ಲ. ಟೊರಾಂಟೊದಲ್ಲಿ ನಡೆದೇ ಓಡಾಡುವವರಿಗೆ 200 ಸಾಕು, ಬಸ್ಸಿಗೆ ಕಾಯುವವರಿಗೆ 400 ಬೇಕು. ವಿನ್ನಿಪೆಗ್‌ನಂಥ ಊರಾದರೆ ಹೊರತೆಗೆದು ಒಣಗಿಸಬಹುದಾದ ಫೆಲ್ಟ್ ಒಳಬೂಟು ಇರುವುದನ್ನೇ ಕೊಳ್ಳಿ. ‘ಮೈನಸ್ 40’ ಎಂಬ ಚೀಟಿಯನ್ನು ನಂಬಿ ಎರಡು ಬೂಟುಗಳನ್ನು ಹೋಲಿಸಬೇಡಿ. ಎಲ್ಲ ಕಂಪನಿಗಳೂ ಒಂದೇ ಪರೀಕ್ಷೆ ಮಾಡಿ ಅದನ್ನು ಅಂಟಿಸಿರುವುದಿಲ್ಲ.

ನೀರು. ಪಾದದ ಭಾಗ ರಬ್ಬರಿನದಾಗಿರಲಿ. ಲೇಸ್ ಬಿಚ್ಚಿ ನಾಲಗೆಯನ್ನು ಎಳೆದು ನೋಡಿ: ಅದರ ಎರಡೂ ಅಂಚು ಮೇಲಿನವರೆಗೆ ಬೂಟಿಗೆ ಕೂಡಿಕೊಂಡಿರಬೇಕು, ಇಲ್ಲವಾದರೆ ಕರಗಿದ ಹಿಮ ಅಲ್ಲಿಂದಲೇ ಇಳಿಯುತ್ತದೆ. ಕುರಿತೊಗಲಿನ ಫ್ಯಾಷನ್ ಬೂಟಿಗೆ ನೀರು ತಡೆಯುವ ಸ್ಪ್ರೇ ಹೊಡೆದು ಚಳಿಗಾಲ ಕಳೆಯುತ್ತೇನೆ ಎನ್ನುವುದು ಬೇಡ. ಹೊಲಿಗೆಯ ತೂತುಗಳನ್ನು ಸ್ಪ್ರೇ ಮುಚ್ಚುವುದಿಲ್ಲ.

ಕಾಲುಚೀಲ ಮತ್ತು ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಚಳಿ ತಡೆಯಲೆಂದು ಮಾಮೂಲಿ ಅಳತೆಯ ಬೂಟಿನೊಳಗೆ ಎರಡು ಹತ್ತಿಯ ಕಾಲುಚೀಲ ತುರುಕುತ್ತಾರೆ. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದು ಹಿಡಿದಿಟ್ಟ ಗಾಳಿ. ಬಿಗಿಯಾದಾಗ ಆ ಗಾಳಿ ಹೊರಟುಹೋಗುತ್ತದೆ, ಬೆರಳಿಗೆ ರಕ್ತ ಹರಿಯುವುದೂ ತಗ್ಗುತ್ತದೆ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಹೀಗೆ ಎರಡು ಜೊತೆ ತೊಟ್ಟವರ ಕಾಲೇ ಮೊದಲು ಮರಗಟ್ಟುತ್ತದೆ.

ಆದ್ದರಿಂದ ಮೊದಲು ಮೆರಿನೊ ಉಣ್ಣೆಯ ದಪ್ಪ ಕಾಲುಚೀಲ ಒಂದು ಜೊತೆ ಕೊಂಡು, ಅದನ್ನು ತೊಟ್ಟುಕೊಂಡೇ ಸಂಜೆಯ ಹೊತ್ತು ಅಂಗಡಿಗೆ ಹೋಗಿ. ಬೆಳಗ್ಗೆಗಿಂತ ಸಂಜೆ ಪಾದ ಕೊಂಚ ಊದಿರುತ್ತದೆ. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಸಂಖ್ಯೆ. ಇಲ್ಲಿ 8 ಹಾಕುವ ಹುಡುಗನಿಗೆ ಅಲ್ಲಿ 9. ಉಣ್ಣೆಯ ದಪ್ಪಕ್ಕೆ ಅರ್ಧ ಸೇರಿಸಿ ಒಂಬತ್ತೂವರೆ ಕೇಳಲಿ, ಅರ್ಧದ ಅಳತೆ ಇಲ್ಲದ ಮಾದರಿಯಾದರೆ 10. ಹೆಂಗಸರ ಸಂಖ್ಯೆ ಸುಮಾರು ಎರಡು ಮೇಲಕ್ಕೆ ಹೋಗುತ್ತದೆ, ಇಲ್ಲಿಯ 5 ಅಲ್ಲಿ 7.

ಬೂಟಿನ ಇನ್‌ಸೋಲ್ ಹೊರತೆಗೆದು ನೆಲಕ್ಕೆ ಹಾಕಿ, ಹಿಮ್ಮಡಿಯನ್ನು ಅದರ ಹಿಂದಿನ ಅಂಚಿಗೆ ಸರಿಯಾಗಿ ಕೂರಿಸಿ ನಿಲ್ಲಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು, ಪಕ್ಕಕ್ಕೆ ಪಾದ ಚೆಲ್ಲಬಾರದು. ಆಮೇಲೆ ಲೇಸ್ ಕಟ್ಟಿ ಹತ್ತು ನಿಮಿಷ ಅಂಗಡಿಯಲ್ಲೇ ನಡೆಯಿರಿ, ಮೆಟ್ಟಿಲು ಇಳಿಯಿರಿ. ಬೆರಳುಗಳು ಒಳಗೆ ಸಲೀಸಾಗಿ ಆಡಬೇಕು, ಇಳಿಯುವಾಗ ಮುಂದಕ್ಕೆ ಬಡಿಯಬಾರದು. ಹಿಮ್ಮಡಿ ಎದ್ದೆದ್ದು ಬರುತ್ತಿದ್ದರೆ ಬೊಕ್ಕೆ ಏಳುವುದು ಖಂಡಿತ. ಅಂಥ ಬೂಟಿಗೆ ಇನ್ನೊಂದು ಕಾಲುಚೀಲ ಪರಿಹಾರವಲ್ಲ, ಬೇರೆ ಮಾದರಿಯನ್ನೇ ನೋಡಿ.

ಮನೆಗೆ ಬಂದ ಮೇಲೆ. ರಸ್ತೆಗೆ ಎರಚುವ ಉಪ್ಪು ಚರ್ಮದ ಮೇಲೆ ಬಿಳಿಗೆರೆ ಬಿಡುತ್ತದೆ. ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಅಂದೇ ಒರೆಸಿ. ಒದ್ದೆ ಬೂಟನ್ನು ಹೀಟರಿನ ಮೇಲಿಟ್ಟರೆ ಚರ್ಮ ಬಿರಿಯುತ್ತದೆ, ಸೋಲಿನ ಅಂಟು ಬಿಡುತ್ತದೆ. ಇನ್‌ಸೋಲ್ ಹೊರಗಿಟ್ಟು, ಒಳಗೆ ಹಳೆಯ ಪತ್ರಿಕೆ ತುಂಬಿ, ಕಾಗದ ಒದ್ದೆಯಾದಂತೆ ಬದಲಿಸುತ್ತಿರಿ.