14 ಪದದ ಬ್ಯಾನರು: ದುಬೈ ಮೇಳದಲ್ಲಿ ನನ್ನ ಅನುಭವ

ಈ ಸಲ ದುಬೈನ ಗಲ್ಫುಡ್ ಆಹಾರ ಮೇಳ ಮುಗಿಸಿ ಬಂದ ಮೇಲೆ ಒಂದು 20 ಅಡಿ ಕಂಟೇನರ್ ನವಣೆ ಅಕ್ಕಿಗೆ ಆರ್ಡರ್ ಆಯಿತು. ಬ್ಯಾಡಗಿ ಮೆಣಸಿನಕಾಯಿ ಸುಮಾರು ಮೂರು ಟನ್ ಟ್ರಯಲ್‌ಗೆ ಹೋಯಿತು. ಎರಡೂ ಮಾತು ಶುರುವಾಗಿದ್ದು ಬ್ಯಾನರಿನ ಸಾಲು ಓದಿ ನಿಂತವರ ಜೊತೆ. ನನ್ನ ಪಾಲುದಾರರು ಮೊದಲಿಂದಲೂ ಹೇಳುತ್ತಿದ್ದರು: "ಬೋರ್ಡು ನೋಡಿ ಯಾರ್ರೀ ಮಾಲು ತಗೋತಾರ? ರೇಟು ನೋಡಿ ತಗೋತಾರ." ಈಗ ಅವರೇ ಊರಿನ ವ್ಯಾಪಾರಿಗಳಿಗೆ ಆ ಬ್ಯಾನರಿನ ಫೋಟೋ ತೋರಿಸುತ್ತಾರೆ.

ಮೊದಲ ಸಲ ಹೋಗಿದ್ದು 2023ರಲ್ಲಿ, ಸಿರಿಧಾನ್ಯ ವರ್ಷ. ಒಂಬತ್ತು ಚದರ ಮೀಟರ್ ಸ್ಟಾಲ್, ಐದು ದಿನ. ಸ್ಟಾಲು, ಟಿಕೆಟ್ಟು, ರೂಮು, ಸ್ಯಾಂಪಲ್ ಕೊರಿಯರ್ ಎಲ್ಲ ಸೇರಿ ಆರೂವರೆ ಲಕ್ಷದ ಹತ್ತಿರ ಹೋಯಿತು. ನೂರನಲವತ್ತು ವಿಸಿಟಿಂಗ್ ಕಾರ್ಡ್ ಬಂದವು. ಮೇಲ್‌ಗೆ ಉತ್ತರ ಕೊಟ್ಟವರು ಆರು ಜನ. ಆರ್ಡರ್ ಸೊನ್ನೆ. ಬ್ಯಾನರಿನಲ್ಲಿ 22 ಐಟಂ, ರೈತರ ಫೋಟೋ, ಮೇಲೆ ದೊಡ್ಡದಾಗಿ "ಸೂಪರ್‌ಫುಡ್" ಅಂತ ಹಾಕಿದ್ದೆ. ಆ ವರ್ಷ ನಮ್ಮ ಸಾಲಿನ ಹೆಚ್ಚಿನ ಸ್ಟಾಲುಗಳಲ್ಲಿ ಅದೇ ಪದ ಇತ್ತು. ಐಟಂಗಳ ಹೆಸರು ಸ್ಟ್ಯಾಂಡಿಯ ಕೆಳಭಾಗದಲ್ಲಿ ಇದ್ದವು. ಮುಂದೆ ಟೇಬಲ್ ಬಂತು, ಮುಚ್ಚಿಹೋದವು. ಐದು ದಿನ ಅದು ನನ್ನ ಕಣ್ಣಿಗೇ ಬೀಳಲಿಲ್ಲ, ಫೋಟೋ ನೋಡಿದಾಗ ಗೊತ್ತಾಯಿತು.

ಆ ಸಲ ಅತಿ ಹೆಚ್ಚು ಕೇಳಿದ ಪ್ರಶ್ನೆ ಒಂದೇ: "ಇದು ಹಕ್ಕಿಗೆ ಹಾಕೋದಾ?" ಗಲ್ಫ್‌ನಲ್ಲೂ ಯೂರೋಪಿನಲ್ಲೂ ನವಣೆ, ಬರಗು ಹಕ್ಕಿ ಕಾಳಾಗಿ ಮಾರಾಟವಾಗುತ್ತವೆ. ಬರೀ "ಫಾಕ್ಸ್‌ಟೇಲ್ ಮಿಲೆಟ್" ಅಂತ ಬರೆದರೆ ಅವರ ತಲೆಗೆ ಬರುವುದು ಪಂಜರ. ನಾನು ನಿಂತು ನಾರಿನಂಶ, ಕಬ್ಬಿಣದಂಶ ಅಂತ ವಿವರಿಸುತ್ತಿದ್ದೆ. ಅವರಿಗೆ ಬೇಕಾಗಿದ್ದುದು ಅದಲ್ಲ. ಹೊಟ್ಟು ತೆಗೆದಿದೆಯಾ, ಹೇಗೆ ಬೇಯಿಸೋದು, ಅಷ್ಟೇ.

ಹಾಗಾಗಿ ಸಾಲು ಬದಲಾಯಿತು: "ಹಲ್ಡ್ ಫಾಕ್ಸ್‌ಟೇಲ್ ಮಿಲೆಟ್. ಕುಕ್ಸ್ ಲೈಕ್ ರೈಸ್, 15 ಮಿನಿಟ್ಸ್." ಎಂಟೇ ಪದ. ಹೊಟ್ಟು ತೆಗೆದಿದ್ದು ಅನ್ನುವ ಪದ ಮೊದಲು ಬಂದ ಕೂಡಲೇ ಹಕ್ಕಿ ಪ್ರಶ್ನೆ ಹೆಚ್ಚು ಕಡಿಮೆ ನಿಂತುಹೋಯಿತು. ಟೇಬಲ್ ಮೇಲೆ ಎರಡು ಬಟ್ಟಲು ಇಟ್ಟೆ. ಒಂದರಲ್ಲಿ ಸಿಪ್ಪೆ ಸಮೇತ ನವಣೆ, ಇನ್ನೊಂದರಲ್ಲಿ ನವಣೆ ಅಕ್ಕಿ. ಜನ ಎರಡಕ್ಕೂ ಬೆರಳು ಹಾಕಿ ನೋಡುತ್ತಾರೆ, ಆಗ ಮಾತು ತಾನಾಗಿ ಶುರುವಾಗುತ್ತದೆ.

ಮೆಣಸಿನಕಾಯಿ ಸಾಲಿನಲ್ಲಿ ಪೆಟ್ಟು ತಿಂದಿದ್ದು ಎರಡನೇ ಸಲ. ಬ್ಯಾಡಗಿ ಕೊಳ್ಳುವವರು ಬಣ್ಣಕ್ಕೆ ಕೊಳ್ಳುತ್ತಾರೆ, ಬಣ್ಣ ಎಷ್ಟಿದೆ ಅಂತ ಹೇಳುವ ಆಸ್ಟಾ ನಂಬರ್ ಕೇಳುತ್ತಾರೆ. ಅದಕ್ಕೇ ಫ್ಲೆಕ್ಸ್ ಮೇಲೆ "ಆಸ್ಟಾ 160" ಅಂತ ದಪ್ಪಕ್ಕೆ ಹಾಕಿಸಿದೆ. ಹೊಸ ಮಾಲು ಬಂದಾಗ ಮಾಡಿಸಿದ ರಿಪೋರ್ಟಿನ ನಂಬರ್ ಅದು, ಸುಳ್ಳಲ್ಲ. ಆದರೆ ಮೇಳ ಬಂದಿದ್ದು ಫೆಬ್ರವರಿಯಲ್ಲಿ. ನಾನು ಒಯ್ದ ಸ್ಯಾಂಪಲ್ ಹಿಂದಿನ ವರ್ಷದ್ದು, ಕೋಲ್ಡ್ ಸ್ಟೋರೇಜಿನಿಂದ ತೆಗೆದದ್ದು. ಬಣ್ಣ ಕೋಲ್ಡ್ ಸ್ಟೋರೇಜಿನಲ್ಲೂ ನಿಧಾನಕ್ಕೆ ಇಳಿಯುತ್ತದೆ, ಹೊರಗಿಟ್ಟರೆ ಇನ್ನೂ ಬೇಗ. ಒಬ್ಬ ಮಸಾಲೆ ಪ್ಯಾಕ್ ಮಾಡುವವರು ಸ್ಯಾಂಪಲ್ ಒಯ್ದು ಲ್ಯಾಬಿಗೆ ಕೊಟ್ಟರು. 130ರ ಆಸುಪಾಸು ಬಂತು. ಮತ್ತೆ ಅವರ ಫೋನ್ ಬರಲಿಲ್ಲ. 130 ಅಂತಲೇ ಹೇಳಿದ್ದರೆ ಅವರು ಕೊಳ್ಳುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ. ಅವರ ಪುಡಿಗೆ ಅಷ್ಟು ಸಾಕಾಗಿತ್ತು.

ಆಮೇಲಿಂದ ಬ್ಯಾನರಿನಲ್ಲಿ ನಂಬರ್ ಇಲ್ಲ. "ಬ್ಯಾಡಗಿ ಚಿಲ್ಲಿ. ಡೀಪ್ ರೆಡ್, ಲೋ ಹೀಟ್." ಆರು ಪದ. ಇದು ವರ್ಷವಿಡೀ ನಿಜ. ನಂಬರ್ ಬರುವುದು ಕೆಳಗೆ, ಸ್ಯಾಂಪಲ್ ಡಬ್ಬಿಗೆ ಸಿಕ್ಕಿಸಿದ ಸಣ್ಣ ಲಾಟ್ ಕಾರ್ಡಿನಲ್ಲಿ: ಲಾಟ್ ನಂಬರ್, ಟೆಸ್ಟ್ ಆದ ತಾರೀಕು, ಬಣ್ಣ, ತೇವಾಂಶ, ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ. ಹೊರಡುವ ಹದಿನೈದು ದಿನದ ಒಳಗೆ ಮಾಡಿಸಿದ ಟೆಸ್ಟ್ ಮಾತ್ರ ಹಾಕುತ್ತೇನೆ.

"ಗ್ಲೂಟನ್ ಫ್ರೀ" ಅನ್ನುವ ಪದದಲ್ಲೂ ಹೀಗೇ ಆಯಿತು. ಸಿರಿಧಾನ್ಯದಲ್ಲಿ ಗ್ಲೂಟನ್ ಇಲ್ಲ ಅಲ್ವಾ, ಬರೆದರೆ ಏನು ತಪ್ಪು ಅಂದುಕೊಂಡಿದ್ದೆ. ಒಬ್ಬ ಖರೀದಿದಾರರು ರಿಪೋರ್ಟ್ ಕೇಳಿದರು. ಊರಿಗೆ ಬಂದು ಟೆಸ್ಟ್ ಮಾಡಿಸಿದರೆ ಕೆಜಿಗೆ 20 ಮಿಲಿಗ್ರಾಂ ಅನ್ನುವ ಮಿತಿ ದಾಟಿತ್ತು. ನಾವು ಬಾಡಿಗೆ ಕೊಟ್ಟು ನವಣೆ ಮಾಡಿಸುತ್ತಿದ್ದ ಮಿಲ್ಲಿನಲ್ಲಿ, ಕಾಳು ವಿಂಗಡಿಸುವ ಅದೇ ಗ್ರೇಡರ್‌ನಲ್ಲಿ ಗೋಧಿಯೂ ಓಡುತ್ತಿತ್ತು. ನವಣೆಗೆ ಬೇರೆ ಗ್ರೇಡರ್ ಹಾಕಿಸಿಕೊಳ್ಳಲು ನಾಲ್ಕು ಲಕ್ಷದ ಮೇಲೆ ಬಿತ್ತು. ಈಗ ರಿಪೋರ್ಟ್ ಪಾಸಾಗುತ್ತದೆ. ಆದರೂ ಆ ಮಾತು ಲಾಟ್ ಕಾರ್ಡಿನಲ್ಲೇ ಇರುತ್ತದೆ, ಬ್ಯಾನರಿಗೆ ಹತ್ತಿಸಿಲ್ಲ. "ಶುಗರ್ ವಾಸಿ" ಥರದ ಮಾತಂತೂ ಎಲ್ಲೂ ಬೇಡ. ಅದನ್ನು ಓದಿದ ದೊಡ್ಡ ಖರೀದಿದಾರ ನಿಲ್ಲುವುದೇ ಇಲ್ಲ.

ಸಾಲು ಪರೀಕ್ಷೆ ಮಾಡಿದ್ದು ಊರಲ್ಲೇ. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು, ನಮ್ಮ ತಂಗಿ ಮಗ ಹನ್ನೆರಡು ಅಡಿ ದೂರದಲ್ಲಿ ಹಿಡಿದು ನಿಲ್ಲುತ್ತಿದ್ದ. ಮೂರು ಎಣಿಸಿ ಇಳಿಸುತ್ತಿದ್ದ. "ಇವರು ಏನು ಮಾರ್ತಾರೆ, ಯಾರಿಗೆ?" ಅಂತ ಕೇಳುವುದು. ಎಂಟು ಹತ್ತು ಜನರಲ್ಲಿ ಇಬ್ಬರು ತಪ್ಪಿದರೂ ಆ ಸಾಲು ಹೊರಗೆ. ಹೀಗೆ ಸುಮಾರು ಮೂವತ್ತು ಸಾಲು ಸತ್ತವು. ಪಾಲುದಾರರು ಇದನ್ನು ನೋಡಿ "ಮಾವ ಅಳಿಯ ಸುಮ್ನೆ ಹಾಳೆ ಹಾಳು ಮಾಡ್ತಾರ" ಅಂದಿದ್ದರು. ಈಗ ಬ್ಯಾನರಿನಲ್ಲಿ ಅಕ್ಷರ ಮೂರು ಇಂಚಿಗಿಂತ ಸಣ್ಣದಿಲ್ಲ, ಸೊಂಟದ ಕೆಳಗೆ ಒಂದೂ ಅಕ್ಷರ ಇಲ್ಲ.

ಅರಬ್ಬಿಯಲ್ಲೂ ಒಂದು ಸಾಲು ಹಾಕಿಸಿ ನೋಡಿದೆ. ನಮ್ಮ ಡಿಟಿಪಿಯವರ ಕಂಪ್ಯೂಟರಿನಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಬಂದವು. ಮೇಳದಲ್ಲಿ ಒಬ್ಬ ಸುಡಾನಿನವರು ತೋರಿಸಿದ ಮೇಲೆ ಗೊತ್ತಾಯಿತು. ಅಲ್ಲೇ ಮತ್ತೆ ಪ್ರಿಂಟ್ ಹಾಕಿಸಲು ನಮ್ಮ ರೇಟಿನ ಆರೇಳು ಪಟ್ಟು ಕೊಟ್ಟೆ. ಅವರೇ ಇನ್ನೊಂದು ತಪ್ಪನ್ನೂ ಹೇಳಿದರು. ನಾನು ನವಣೆಗೆ "ದುಖ್ನ್" ಅಂತ ಹಾಕಿಸಿದ್ದೆ. ಅವರ ಕಡೆ ದುಖ್ನ್ ಅಂದರೆ ಸಜ್ಜೆ. ಈಗ ಆ ಪದ ಸಜ್ಜೆ ಡಬ್ಬಿ ಮೇಲೆ ಮಾತ್ರ ಇದೆ. ಅರಬ್ಬಿ ಓದುವವರಿಗೆ ಪ್ರಿಂಟ್ ತೋರಿಸಿಯೇ ಫ್ಲೆಕ್ಸ್‌ಗೆ ಕೊಡುತ್ತೇನೆ.

ಇನ್ನೊಂದು ಪ್ರಯೋಗ ಚೆನ್ನಾಗಿತ್ತು. ಬ್ಯಾಡಗಿಯನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ ಗಾಜಿನ ಬಾಟಲಿಯಲ್ಲಿ ಇಟ್ಟೆ. ಮಾಣಿಕ್ಯದ ಬಣ್ಣ ಬಂತು, ಜನ ದೂರದಿಂದಲೇ ನೋಡಿ ಬಂದರು. ಸ್ಟಾಲಿನ ದೀಪದ ಕೆಳಗೆ ನಾಲ್ಕನೇ ದಿನಕ್ಕೆ ಮಂಕಾಯಿತು. ಈಗ ದಿನಾ ಹೊಸ ಬಾಟಲಿ. ಎಷ್ಟು ಹೊತ್ತು ನೆನೆಸುತ್ತೇನೆ, ಯಾವ ಎಣ್ಣೆ, ಅದು ನನ್ನ ಹತ್ತಿರವೇ ಇರಲಿ.

ನಿಂತವರ ಜೊತೆ ಮೊದಲ ಮಾತೂ ಬದಲಾಯಿಸಿದೆ. "ವೆಲ್‌ಕಮ್ ಸರ್" ಅಂದರೆ "ಸುಮ್ಮನೆ ನೋಡ್ತಿದ್ದೀನಿ" ಅಂತ ಮುಂದೆ ಹೋಗುತ್ತಾರೆ. ನಾನು ಕೇಳುವುದು: "ನೀವು ಪ್ಯಾಕ್ ಮಾಡ್ತೀರಾ, ಅಂಗಡಿಗಳಿಗೆ ಹಂಚ್ತೀರಾ?" ಪ್ಯಾಕ್ ಮಾಡುವವರಿಗೆ ಲಾಟ್ ಕಾರ್ಡ್ ಕೈಗೆ ಕೊಡುತ್ತೇನೆ. ಹಂಚುವವರಿಗೆ ಅರ್ಧ ಕೆಜಿ ಪ್ಯಾಕ್ ತೋರಿಸಿ, ಎಷ್ಟು ತಿಂಗಳು ಕೆಡುವುದಿಲ್ಲ ಅಂತ ಮೊದಲೇ ಹೇಳುತ್ತೇನೆ. ಹೊಟ್ಟು ತೆಗೆದ ಕಾಳು ಬೇಗ ಮುಗ್ಗಲು ಹಿಡಿಯುತ್ತದೆ ಅನ್ನುವುದು ಅವರಿಗೂ ಗೊತ್ತು. ಇದಾದ ಮೇಲೆ ಇನ್ನೊಂದು ಪ್ರಶ್ನೆ ಇದೆ, ರೇಟಿನ ಮಾತು ಅದರಿಂದಲೇ ಶುರುವಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಾರ್ಡ್ ಈ ಸಲ ಐವತ್ತೈದೋ ಅರವತ್ತೋ ಬಂದವು, ಮೊದಲಿನ ಅರ್ಧವೂ ಇಲ್ಲ. ಉತ್ತರ ಕೊಟ್ಟವರು ಇಪ್ಪತ್ತರ ಮೇಲೆ. ನವಣೆ ಕಂಟೇನರ್ ತಗೊಂಡವರು ಮೊದಲ ದಿನ ಬ್ಯಾನರಿನ ಮುಂದೆ ನಿಂತು ಕೇಳಿದ ಮೊದಲ ಮಾತು: "ನಿಜವಾಗಲೂ 15 ನಿಮಿಷವಾ?" ಸ್ಯಾಂಪಲ್ ಕೊಟ್ಟೆ. ರೂಮಿಗೆ ಒಯ್ದು ಬೇಯಿಸಿ ನೋಡಿ ಮೂರನೇ ದಿನ ಬೆಳಿಗ್ಗೆ ಬಂದು ಕುಳಿತರು. ಸಾಮೆ ಅಕ್ಕಿಗೆ ಸಾಲು ಇನ್ನೂ ಸಿಕ್ಕಿಲ್ಲ. ತಂಗಿ ಮಗ ಈಗ ಹನ್ನೊಂದನೇ ಹಾಳೆ ಹಿಡಿದು ನಿಂತಿದ್ದಾನೆ.